ಆಫರ್ ಲೆಟರ್‌ನ ಮೂರು ಪ್ಯಾರಾ: ಪ್ರೊಬೇಷನ್, ನೋಟಿಸ್, ಸೌಲಭ್ಯ

ಮಂಗಳೂರಿನ ಬಿಜೈ, ಕದ್ರಿ, ಕೊಡಿಯಾಲ್‌ಬೈಲ್ ಕಡೆ ಹೋದರೆ ಒಂದೊಂದು ಕಟ್ಟಡದ ಮೂರನೇ ಮಹಡಿಯಲ್ಲೋ ನಾಲ್ಕನೇ ಮಹಡಿಯಲ್ಲೋ ಸಣ್ಣ ಸಾಫ್ಟ್‌ವೇರ್ ಕಂಪನಿ ಸಿಗುತ್ತದೆ. ಮಣಿಪಾಲದಲ್ಲೂ ಹಾಗೆಯೇ. ಹದಿನೈದು, ಇಪ್ಪತ್ತು, ಮೂವತ್ತು ಜನ. ಇಂಥ ಕಡೆ ಪ್ರತ್ಯೇಕ ಎಚ್‌ಆರ್ ಇರುವುದು ಕಮ್ಮಿ. ಹೊಸಬರನ್ನು ಸೇರಿಸಿಕೊಳ್ಳುವಾಗ ಮಾಲೀಕರೋ ಅಕೌಂಟ್ಸ್ ನೋಡುವವರೋ ಯಾವುದೋ ದೊಡ್ಡ ಕಂಪನಿಯ ಹಳೇ ಆಫರ್ ಲೆಟರ್ ತೆಗೆದು, ಹೆಸರು ಮತ್ತು ಸಂಬಳ ಬದಲಿಸಿ ಕಳಿಸಿಬಿಡುತ್ತಾರೆ.

ಇಷ್ಟು ದಿನ ಹೇಗೋ ನಡೆಯುತ್ತಿತ್ತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ನೇಮಕಾತಿ ಪತ್ರ, ವೇತನದ ಲೆಕ್ಕ, ಕೆಲಸ ಬಿಟ್ಟವರ ಬಾಕಿ ಪಾವತಿ ಎಲ್ಲವೂ ಮತ್ತೆ ಚರ್ಚೆಗೆ ಬಂದಿವೆ. ಬರೆಯುವವರಿಗೂ ಸಹಿ ಹಾಕುವವರಿಗೂ ಪ್ರಶ್ನೆಗಳಿವೆ. ಜಗಳ ಹುಟ್ಟುವುದು ಹೆಚ್ಚಾಗಿ ಮೂರು ಪ್ಯಾರಾಗಳಿಂದ: ಪ್ರೊಬೇಷನ್, ನೋಟಿಸ್ ಅವಧಿ, ಸೌಲಭ್ಯಗಳು. ಈ ಮೂರನ್ನೇ ಇಲ್ಲಿ ಬಿಡಿಸಿ ನೋಡೋಣ.

## ಆಫರ್ ಬೇರೆ, ನೇಮಕಾತಿ ಬೇರೆ

ಮೊದಲು ಎರಡು ಕಾಗದಗಳ ವ್ಯತ್ಯಾಸ ತಿಳಿದಿರಲಿ. ಆಫರ್ ಲೆಟರ್ ಅಂದರೆ "ಈ ಷರತ್ತುಗಳ ಮೇಲೆ ಈ ದಿನದಿಂದ ನಿಮಗೆ ಕೆಲಸ ಕೊಡಲು ಒಪ್ಪಿದ್ದೇವೆ, ನೀವು ಒಪ್ಪಿದರೆ ತಿಳಿಸಿ" ಎಂದು ಕಂಪನಿ ಮುಂದಿಡುವ ಮಾತು. ನೇಮಕಾತಿ ಪತ್ರ ಕೆಲಸಕ್ಕೆ ಸೇರಿದ ಮೇಲೆ ಸಿಗುವಂಥದ್ದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಸೇರಿದ 30 ದಿನದೊಳಗೆ ಬರಹದಲ್ಲಿ ನೇಮಕಾತಿ ಆದೇಶ ಕೊಡಲೇಬೇಕು. ಹೆಸರಿನಲ್ಲಿ ಅಂಗಡಿ ಅಂತ ಇದ್ದರೂ ಸಾಫ್ಟ್‌ವೇರ್ ಕಂಪನಿಗಳೂ ಈ ಕಾಯ್ದೆಯ ಅಡಿಯಲ್ಲೇ ಬರುತ್ತವೆ. ಕೇಂದ್ರದ ಹೊಸ ಸಂಹಿತೆಗಳು ಬಂದರೂ ರಾಜ್ಯದ ಈ ಕಾಯ್ದೆ ರದ್ದಾಗಿಲ್ಲ.

ಹಾಗಾದರೆ ಆಫರ್ ಲೆಟರ್‌ನಲ್ಲಿ ಎಲ್ಲವನ್ನೂ ಯಾಕೆ ಬರೆಯಬೇಕು, ನೇಮಕಾತಿ ಪತ್ರದಲ್ಲಿ ಬರೆದರೆ ಸಾಲದೇ? ಸಾಲದು. ಅಭ್ಯರ್ಥಿ ತನ್ನ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವುದು ಆಫರ್ ಲೆಟರ್ ನೋಡಿ. ನೇಮಕಾತಿ ಪತ್ರ ಕೈಗೆ ಬರುವ ಹೊತ್ತಿಗೆ ಹಳೇ ಕೆಲಸ ಹೋಗಿ ಆಗಿರುತ್ತದೆ. ಆಗ ಹೊಸ ಷರತ್ತು ಕಂಡರೆ ಒಪ್ಪದೆ ಬೇರೆ ದಾರಿ ಇಲ್ಲ. ಹಾಗಾಗಿ ದುಡ್ಡು ಮತ್ತು ದಿನಾಂಕಕ್ಕೆ ಸಂಬಂಧಪಟ್ಟ ಪ್ರತಿ ಮಾತೂ ಆಫರ್‌ನಲ್ಲೇ ಇರಬೇಕು.

ಒಂದು ಉದಾಹರಣೆ ಹಿಡಿದುಕೊಂಡು ಕೊನೆಯವರೆಗೂ ಹೋಗೋಣ. ಬಿಜೈಯಲ್ಲಿ 24 ಜನರ ಒಂದು ಕಂಪನಿ. ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ ಊರಿಗೆ ಮರಳಬೇಕು ಅಂದುಕೊಂಡಿರುವ ಕಾಪುವಿನ ಹುಡುಗಿಯೊಬ್ಬಳಿಗೆ ಸಾಫ್ಟ್‌ವೇರ್ ಎಂಜಿನಿಯರ್ ಹುದ್ದೆ ಕೊಡಲು ನಿರ್ಧಾರ ಆಗಿದೆ. ಸಿಟಿಸಿ, ಅಂದರೆ ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ವರ್ಷಕ್ಕೆ 6 ಲಕ್ಷ. ಅವಳ ಈಗಿನ ಕಂಪನಿಯಲ್ಲಿ ನೋಟಿಸ್ 90 ದಿನ. 2026ರ ಫೆಬ್ರವರಿ 27ರಂದು ರಾಜೀನಾಮೆ ಕೊಟ್ಟರೆ ಅಲ್ಲಿನ ಕೊನೆಯ ದಿನ ಮೇ 28. ಹಾಗಾಗಿ ಇಲ್ಲಿ ಸೇರುವುದು ಜೂನ್ 1, ಸೋಮವಾರ.

ಆಫರ್ ಕಳಿಸಿದ ದಿನಕ್ಕೂ ಸೇರುವ ದಿನಕ್ಕೂ ನಡುವೆ ಮೂರು ತಿಂಗಳು. "ಹಿನ್ನೆಲೆ ಪರಿಶೀಲನೆ ತೃಪ್ತಿಕರವಾಗಿದ್ದರೆ ಮಾತ್ರ ಈ ಆಫರ್" ಅಂತ ಸುಮ್ನೆ ಒಂದು ಸಾಲು ಹಾಕಿದರೆ, ಮೂರು ತಿಂಗಳೂ ಅವಳು ಅತಂತ್ರ. ಏನನ್ನು ಪರಿಶೀಲಿಸುತ್ತೀರಿ, ಯಾವ ದಿನದೊಳಗೆ ಮುಗಿಸುತ್ತೀರಿ ಅಂತ ಬರೆಯಿರಿ. ಪದವಿ ಪ್ರಮಾಣಪತ್ರದಂಥ ಪರಿಶೀಲನೆಯನ್ನು ಅವಳು ರಾಜೀನಾಮೆ ಕೊಡುವ ಮೊದಲೇ ಮುಗಿಸಿಬಿಡುವುದು ಇನ್ನೂ ಒಳ್ಳೆಯದು. ಅದಕ್ಕೆ ಬೇಕಾದ್ದು ಕೆಲವು ದಿನ ಅಷ್ಟೇ.

## ಪ್ರೊಬೇಷನ್: ಮುಗಿಯುವ ದಿನ ಯಾವುದು?

ಪ್ರೊಬೇಷನ್ ಅಂದರೆ ಪರೀಕ್ಷಾ ಅವಧಿ. ಈ ಕೆಲಸಕ್ಕೆ ಈ ವ್ಯಕ್ತಿ ಸರಿಹೊಂದುತ್ತಾರಾ ಅಂತ ಕಂಪನಿ ನೋಡುತ್ತದೆ, ಈ ಕಂಪನಿ ನನಗೆ ಸರಿಯಾ ಅಂತ ಸೇರಿದವರೂ ನೋಡುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಮೂರು ಅಥವಾ ಆರು ತಿಂಗಳು.

ಹೆಚ್ಚಿನ ಪತ್ರಗಳಲ್ಲಿ ಕಾಣುವ ಸಾಲು ಹೀಗಿರುತ್ತದೆ:

"ನೀವು 6 ತಿಂಗಳ ಕಾಲ ಪ್ರೊಬೇಷನ್‌ನಲ್ಲಿ ಇರುತ್ತೀರಿ. ಕಂಪನಿ ತನ್ನ ವಿವೇಚನೆಯಂತೆ ಇದನ್ನು ವಿಸ್ತರಿಸಬಹುದು."

ಓದಲು ಸರಳ. ಆದರೆ ನವೆಂಬರ್ 30ಕ್ಕೆ ಆರು ತಿಂಗಳು ಮುಗಿಯಿತು ಅಂದುಕೊಳ್ಳಿ. ಮ್ಯಾನೇಜರ್‌ಗೆ ಕೆಲಸದ ಗಡಿಬಿಡಿ, ಯಾರೂ ಕನ್ಫರ್ಮೇಷನ್ ಪತ್ರ ಕೊಡಲಿಲ್ಲ, ವಿಸ್ತರಣೆ ಅಂತಲೂ ಹೇಳಲಿಲ್ಲ. ಡಿಸೆಂಬರ್ 1ರಂದು ಅವಳು ಕಾಯಂ ಆದಳಾ ಇಲ್ಲವಾ? ಪತ್ರದಲ್ಲಿ ಉತ್ತರವೇ ಇಲ್ಲ. ಅವಧಿ ಮುಗಿದ ಮಾತ್ರಕ್ಕೆ ಯಾರೂ ತಾನಾಗಿ ಕಾಯಂ ಆಗುವುದಿಲ್ಲ ಎಂಬುದು ನ್ಯಾಯಾಲಯಗಳ ಸಾಮಾನ್ಯ ನಿಲುವು. ಷರತ್ತುಗಳಲ್ಲಿ ಗರಿಷ್ಠ ಅವಧಿ ಇಷ್ಟೇ ಎಂದು ಗಟ್ಟಿಯಾಗಿ ಬರೆದಿದ್ದರೆ ಮಾತ್ರ ವಾದ ಬೇರೆ ದಾರಿ ಹಿಡಿಯುತ್ತದೆ. ಅಂದರೆ ಎಲ್ಲವೂ ಪತ್ರದ ಮಾತಿನ ಮೇಲೆ ನಿಂತಿದೆ.

ಹಾಗಾಗಿ ಬರೆಯುವಾಗ ನಾಲ್ಕು ಸಂಗತಿ ಹೇಳಿ: ಯಾವಾಗ ಮುಗಿಯುತ್ತದೆ, ಯಾವಾಗ ವಿಮರ್ಶೆ ಮಾಡುತ್ತೀರಿ, ಎಷ್ಟು ಸಲ ಮತ್ತು ಎಷ್ಟು ದಿನ ಮುಂದೆ ಹಾಕಬಹುದು, ಏನೂ ಹೇಳದಿದ್ದರೆ ಏನಾಗುತ್ತದೆ. ಪತ್ರ ಇಂಗ್ಲಿಷ್‌ನಲ್ಲಿ ಇದ್ದರೂ ಅದರ ಅರ್ಥ ಹೀಗಿರಲಿ:

"ನಿಮ್ಮ ಪ್ರೊಬೇಷನ್ ಸೇರಿದ ದಿನದಿಂದ 6 ತಿಂಗಳು. 2026ರ ಜೂನ್ 1ರಂದು ಸೇರಿದರೆ ನವೆಂಬರ್ 30ಕ್ಕೆ ಮುಗಿಯುತ್ತದೆ. ಮೂರು ತಿಂಗಳು ತುಂಬಿದಾಗ ಒಮ್ಮೆ, ಅವಧಿ ಮುಗಿಯುವ 20 ದಿನ ಮೊದಲು ಇನ್ನೊಮ್ಮೆ ನಿಮ್ಮ ಮ್ಯಾನೇಜರ್ ಕೆಲಸದ ವಿಮರ್ಶೆ ಮಾಡಿ ಇಮೇಲ್‌ನಲ್ಲಿ ತಿಳಿಸುತ್ತಾರೆ. ಬೇಕಾದರೆ ಕಂಪನಿ ಅವಧಿಯನ್ನು ಒಂದು ಸಲ ಮಾತ್ರ, ಗರಿಷ್ಠ 3 ತಿಂಗಳು, ಕಾರಣ ಬರೆದು ವಿಸ್ತರಿಸಬಹುದು. ಅವಧಿ ಮುಗಿಯುವ ದಿನದೊಳಗೆ ಕಂಪನಿಯಿಂದ ಯಾವುದೇ ಪತ್ರ ಬರದಿದ್ದರೆ ನೀವು ಕಾಯಂ ಆದಂತೆ."

ಕೊನೆಯ ವಾಕ್ಯ ಬರೆಯಲು ಕಂಪನಿಯವರು ಹೆದರುತ್ತಾರೆ. ನನ್ನ ಪ್ರಕಾರ ಅದೇ ಇಡೀ ಪ್ಯಾರಾದ ಜೀವ. ಆ ವಾಕ್ಯ ಇದ್ದರೆ ಮ್ಯಾನೇಜರ್ ನವೆಂಬರ್‌ನಲ್ಲಿ ವಿಮರ್ಶೆ ಮಾಡಿಯೇ ಮಾಡುತ್ತಾರೆ.

ಮೂರು ತಿಂಗಳ ವಿಮರ್ಶೆಯೂ ಸುಮ್ನೆ ಅಲ್ಲ. ಕೋಡ್ ರಿವ್ಯೂ ಹೇಗಿದೆ, ಕೊಟ್ಟ ಕೆಲಸ ಹೇಳಿದ ಹೊತ್ತಿಗೆ ಮುಗಿಯುತ್ತಿದೆಯಾ ಅಂತ ಮಧ್ಯದಲ್ಲೇ ಹೇಳಿದರೆ ತಿದ್ದಿಕೊಳ್ಳಲು ಇನ್ನೂ ಮೂರು ತಿಂಗಳು ಸಿಗುತ್ತದೆ. ನವೆಂಬರ್ 28ಕ್ಕೆ ಮೊದಲ ಸಲ "ನಿಮ್ಮ ಕೆಲಸ ಸರಿಯಾಗಿಲ್ಲ" ಅಂದರೆ ಅದು ಅನ್ಯಾಯ.

ಇನ್ನು ಪ್ರೊಬೇಷನ್‌ನ ನೋಟಿಸ್. "ಪ್ರೊಬೇಷನ್‌ನಲ್ಲಿ ಎರಡೂ ಕಡೆಯಿಂದ 15 ದಿನ" ಅಂತ ಬರೆಯುವುದು ರೂಢಿ, ಅದು ಸರಿಯೇ. ಆದರೆ ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ರಾಜ್ಯದ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಸತತ ಆರು ತಿಂಗಳು ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಬೇಕು, ಜೊತೆಗೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ವೇತನ ಕೊಡಬೇಕು. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದರೆ ಮಾತ್ರ ವಿನಾಯಿತಿ. ಸೆಕ್ಷನ್ ಎಣಿಸುವುದು ಕೆಲಸ ಮಾಡಿದ ತಿಂಗಳುಗಳನ್ನು. ನೀವು ಅವರನ್ನು ಪ್ರೊಬೇಷನರ್ ಅಂತ ಕರೆಯುತ್ತೀರೋ ಕಾಯಂ ಅಂತ ಕರೆಯುತ್ತೀರೋ ಎಂಬುದು ಅದಕ್ಕೆ ಮುಖ್ಯ ಅಲ್ಲ.

ನಮ್ಮ ಉದಾಹರಣೆಗೆ ಬನ್ನಿ. ಅವಳ ಪ್ರೊಬೇಷನ್ ಅನ್ನು ಫೆಬ್ರವರಿ 28ರವರೆಗೆ ವಿಸ್ತರಿಸಿದರು ಅಂದುಕೊಳ್ಳಿ. ಜನವರಿಯಲ್ಲಿ ತೆಗೆಯಲು ತೀರ್ಮಾನಿಸಿ "ಪತ್ರದಲ್ಲಿ 15 ದಿನ ಇದೆ" ಅಂದರೆ ನಡೆಯುವುದಿಲ್ಲ. ಏಳು ತಿಂಗಳು ಮೀರಿದೆ, ಕಾನೂನಿನ ಒಂದು ತಿಂಗಳು ಲೆಕ್ಕಕ್ಕೆ ಬರುತ್ತದೆ. ಇದನ್ನು ಪತ್ರದಲ್ಲೇ ಸೇರಿಸಿಬಿಡಿ: "ಸೇವೆ 6 ತಿಂಗಳು ತುಂಬಿದ ಮೇಲೆ, ಪ್ರೊಬೇಷನ್ ವಿಸ್ತರಣೆ ಆಗಿದ್ದರೂ, ಕಂಪನಿ ಕೊಡುವ ನೋಟಿಸ್ ಕನಿಷ್ಠ ಒಂದು ತಿಂಗಳು."

## ನೋಟಿಸ್ ಅವಧಿ: ಯಾವ ದಿನದಿಂದ, ಯಾವ ದಿನ, ಯಾವ ಸಂಬಳ

ನೋಟಿಸ್ ಅವಧಿ ಅಂದರೆ "ಬಿಡುತ್ತೇನೆ" ಎಂದು ಹೇಳಿದ ದಿನಕ್ಕೂ ನಿಜವಾಗಿ ಬಿಡುವ ದಿನಕ್ಕೂ ನಡುವಿನ ಕಾಲ. ಕಂಪನಿ "ಬಿಡಿ" ಅಂದಾಗಲೂ ಅದೇ ಅರ್ಥ. ಬೇರೊಬ್ಬರಿಗೆ ಕೆಲಸ ಒಪ್ಪಿಸಲು ಕಂಪನಿಗೆ, ಇನ್ನೊಂದು ಕೆಲಸ ಹುಡುಕಲು ನೌಕರರಿಗೆ ಇದು ಬೇಕು.

ಎಷ್ಟು ದಿನ ಇರಬೇಕು? ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ 90 ದಿನ ಇರುತ್ತದೆ ಅಂತ ಇಲ್ಲಿನ 24 ಜನರ ಕಂಪನಿಯೂ 90 ಹಾಕಬೇಕಾಗಿಲ್ಲ. ಎರಡು ವರ್ಷದ ಅನುಭವ ಇರುವವರ ಕೆಲಸ ಒಪ್ಪಿಸಿಕೊಳ್ಳಲು ಎಷ್ಟು ದಿನ ಬೇಕೋ ಅಷ್ಟೇ ಹಾಕಿ. 30ರಿಂದ 60 ದಿನ ಸಾಕು ಅನ್ನುವುದು ನನ್ನ ಅನಿಸಿಕೆ. ಇನ್ನೊಂದು ಮಾತು: ನೌಕರರು 90 ದಿನ ಕೊಡಬೇಕು, ಕಂಪನಿ 30 ದಿನ ಕೊಟ್ಟರೆ ಸಾಕು ಅಂತ ಬರೆಯುವ ಪತ್ರಗಳಿವೆ. ಕಾನೂನಿನ ಕನಿಷ್ಠ ಒಂದು ತಿಂಗಳು ಅದರಲ್ಲಿ ಇದೆ, ನಿಜ. ಆದರೂ ಎರಡೂ ಕಡೆ ಸಮ ಇಟ್ಟರೆ ಓದಿದವರಿಗೆ ನಂಬಿಕೆ ಬರುತ್ತದೆ.

ದಿನಗಳ ಸಂಖ್ಯೆಗಿಂತ ಅದನ್ನು ಎಣಿಸುವ ರೀತಿಯಲ್ಲೇ ಜಾಸ್ತಿ ತಕರಾರು. ಉದಾಹರಣೆಯ ಹುಡುಗಿಯ ಪತ್ರದಲ್ಲಿ "60 ದಿನ" ಅಂತ ಮಾತ್ರ ಇದೆ ಅನ್ನಿ. 2027ರ ಮಾರ್ಚ್ 10ರಂದು ಅವಳು ರಾಜೀನಾಮೆಯ ಇಮೇಲ್ ಕಳಿಸುತ್ತಾಳೆ. ಮರುದಿನದಿಂದ ಕ್ಯಾಲೆಂಡರ್ ದಿನ ಎಣಿಸಿದರೆ ಮಾರ್ಚ್‌ನಲ್ಲಿ 21, ಏಪ್ರಿಲ್‌ನಲ್ಲಿ 30, ಮೇನಲ್ಲಿ 9. ಕೊನೆಯ ದಿನ ಮೇ 9. ಆದರೆ ಮ್ಯಾನೇಜರ್ "60 ಅಂದರೆ ಕೆಲಸದ ದಿನ" ಅಂದರೆ? ವಾರಕ್ಕೆ ಐದು ದಿನದ ಕೆಲಸದಲ್ಲಿ ಅದು 12 ವಾರ, ನಡುವೆ ಬರುವ ರಜೆಗಳೂ ಸೇರಿ ಜೂನ್ ಮೊದಲ ವಾರಕ್ಕೆ ಹೋಗುತ್ತದೆ. ಹೊಸ ಕಂಪನಿಗೆ ಮೇ 10ಕ್ಕೆ ಬರುತ್ತೇನೆ ಅಂತ ಮಾತು ಕೊಟ್ಟವಳು ಏನು ಮಾಡಬೇಕು?

ಇನ್ನೂ ಒಂದಿದೆ. ಎಣಿಕೆ ಶುರುವಾಗುವುದು ಇಮೇಲ್ ಕಳಿಸಿದ ದಿನದಿಂದಲೋ, ಕಂಪನಿ "ಒಪ್ಪಿದ್ದೇವೆ" ಎಂದು ಉತ್ತರಿಸಿದ ದಿನದಿಂದಲೋ? ಎರಡನೆಯದಾದರೆ, ಉತ್ತರಿಸದೆ ಎರಡು ವಾರ ಕೂತರೆ ನೋಟಿಸ್ ತಾನಾಗಿ ಎರಡು ವಾರ ಉದ್ದ ಆಗುತ್ತದೆ. ಇಷ್ಟಕ್ಕೂ 2027ರ ಮೇ 9 ಭಾನುವಾರ. ಲ್ಯಾಪ್‌ಟಾಪ್ ವಾಪಸ್ ಕೊಡುವುದು ಯಾವತ್ತು? ಇದೆಲ್ಲ ಸಣ್ಣದು ಅನಿಸಬಹುದು. ಆದರೆ ಬಿಟ್ಟು ಹೋಗುವ ದಿನ ಹತ್ತಿರ ಬಂದಾಗ ಮನಸ್ತಾಪ ಆಗುವುದು ಇಂಥ ಸಂಗತಿಗಳಿಗೇ. ಎರಡು ಸಾಲಿನಲ್ಲಿ ಪರಿಹಾರ ಇದೆ:

"ನೋಟಿಸ್ ಅವಧಿ 60 ಕ್ಯಾಲೆಂಡರ್ ದಿನ. ರಾಜೀನಾಮೆಯ ಇಮೇಲ್ ಮ್ಯಾನೇಜರ್‌ಗೆ ತಲುಪಿದ ಮರುದಿನದಿಂದ ಎಣಿಕೆ. ಕೊನೆಯ ದಿನ ರಜೆಯಾದರೆ ಅದರ ಹಿಂದಿನ ಕೆಲಸದ ದಿನ ಸಾಮಾನು ಒಪ್ಪಿಸಬೇಕು, ವೇತನ ಮಾತ್ರ ಅವಧಿ ಮುಗಿಯುವ ದಿನದವರೆಗೂ ಸಿಗುತ್ತದೆ."

ಈಗ ದುಡ್ಡಿನ ವಿಷಯ. ಪೂರ್ತಿ ಅವಧಿ ದುಡಿಯದೆ ಮೊದಲೇ ಹೋಗಬೇಕಾದರೆ ಉಳಿದ ದಿನಗಳಿಗೆ ಹಣ ಕಟ್ಟಿ ಹೋಗುವುದನ್ನು ನೋಟಿಸ್ ಬೈಔಟ್ ಅನ್ನುತ್ತಾರೆ. ಕಂಪನಿಯೇ ತಕ್ಷಣ ಕಳಿಸುವುದಾದರೆ ಅದು ಕೊಡಬೇಕು. ಪತ್ರದಲ್ಲಿ "ನೋಟಿಸ್ ಬದಲು ವೇತನ" ಅಂತ ಇರುತ್ತದೆ. ಯಾವ ವೇತನ? ಅವಳು 30 ದಿನ ದುಡಿದು 30 ದಿನ ಬಾಕಿ ಇಟ್ಟು ಹೊರಟಳು ಅಂದುಕೊಳ್ಳಿ. ಮೂಲ ವೇತನದ ಲೆಕ್ಕದಲ್ಲಿ ಅವಳು ಕಟ್ಟಬೇಕಾದ್ದು 25,000. ತಿಂಗಳ ಒಟ್ಟು ಸಂಬಳದ ಲೆಕ್ಕದಲ್ಲಿ 42,000. ಸಿಟಿಸಿ ಲೆಕ್ಕದಲ್ಲಿ 50,000. ಒಂದೇ ಪದ, ಮೂರು ಮೊತ್ತ. ಈ ಮೊತ್ತಗಳು ಹೇಗೆ ಬಂದವು ಅಂತ ಮುಂದಿನ ಭಾಗದಲ್ಲಿ ನೋಡೋಣ. ಪತ್ರದಲ್ಲಿ "ಮೂಲ ವೇತನ, 30ರಿಂದ ಭಾಗಿಸಿ, ಬಾಕಿ ದಿನಗಳಿಂದ ಗುಣಿಸಿ" ಅಂತ ಬರೆದುಬಿಟ್ಟರೆ ಮುಗಿಯಿತು. ಅದೇ ಲೆಕ್ಕ ಕಂಪನಿ ಕೊಡುವಾಗಲೂ ಅನ್ವಯಿಸುತ್ತದೆ ಅಂತ ಬರೆಯಬೇಡಿ, ಎಚ್ಚರ. 39ನೇ ಸೆಕ್ಷನ್ ಹೇಳುವ ಒಂದು ತಿಂಗಳ ವೇತನಕ್ಕಿಂತ ಕಮ್ಮಿ ಕೊಡುವಂತಿಲ್ಲ. ಕಂಪನಿ ಕೊಡುವಾಗ ತಿಂಗಳ ಒಟ್ಟು ಸಂಬಳದ ಲೆಕ್ಕ ಹಿಡಿದರೆ ತೊಂದರೆ ಇಲ್ಲ.

ಬೈಔಟ್ ಬೇಕಾ ಬೇಡವಾ ಎಂದು ತೀರ್ಮಾನಿಸುವವರು ಯಾರು ಅಂತಲೂ ಹೇಳಿ. "ಕಂಪನಿ ಒಪ್ಪಿದರೆ ಮಾತ್ರ" ಅಂತ ಇಡಬಹುದು. ಆದರೆ ಒಪ್ಪದಿದ್ದರೂ ಒಬ್ಬರನ್ನು ಕೂರಿಸಿ ಕೆಲಸ ಮಾಡಿಸಿ ಎಂದು ಕೋರ್ಟ್ ಆದೇಶ ಕೊಡುವುದಿಲ್ಲ. ಹೆಚ್ಚೆಂದರೆ ಆದ ನಷ್ಟಕ್ಕೆ ಪರಿಹಾರ ಕೇಳಬಹುದು. ಅದಕ್ಕಾಗಿ ಕೋರ್ಟಿಗೆ ಹೋಗುವುದಕ್ಕಿಂತ ಲೆಕ್ಕವನ್ನು ಮೊದಲೇ ಬರೆದಿಡುವುದು ಇಬ್ಬರಿಗೂ ಸುಲಭ.

ಇದರ ಜೊತೆಗೇ ಕೆಲವರು "ಬಿಟ್ಟ ಮೇಲೆ ಒಂದು ವರ್ಷ ಇದೇ ರೀತಿಯ ಬೇರೆ ಕಂಪನಿಗೆ ಸೇರುವಂತಿಲ್ಲ" ಅಂತ ಸೇರಿಸುತ್ತಾರೆ. ಭಾರತೀಯ ಒಪ್ಪಂದ ಕಾಯ್ದೆ, 1872ರ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟ ನಂತರದ ಇಂಥ ನಿರ್ಬಂಧ ನಿಲ್ಲುವುದಿಲ್ಲ. ಗ್ರಾಹಕರ ಮಾಹಿತಿ, ಕೋಡ್ ಹೊರಗೆ ಕೊಡಬಾರದು ಅನ್ನುವ ಷರತ್ತು ಬೇರೆ, ಅದು ಇರಲಿ.

ಕೊನೆಗೆ ಬಾಕಿ ಪಾವತಿ. ಮೊದಲೆಲ್ಲ "ಕೊನೆಯ ದಿನದಿಂದ 45 ದಿನದೊಳಗೆ ಫುಲ್ ಅಂಡ್ ಫೈನಲ್" ಅಂತ ಹಾಕುವ ರೂಢಿ ಇತ್ತು. ಈಗ, ಹೊಸ ನಾಲ್ಕು ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ ರಾಜೀನಾಮೆ ಕೊಟ್ಟರೂ, ಕಂಪನಿಯೇ ತೆಗೆದರೂ ಬರಬೇಕಾದ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಹಳೇ ಪತ್ರದಿಂದ ನಕಲು ಮಾಡುವವರು ಮೊದಲು ತಿದ್ದಬೇಕಾದ ಸಾಲು ಇದು.

## ಸೌಲಭ್ಯಗಳು: 6 ಲಕ್ಷದಲ್ಲಿ ಕೈಗೆ ಬರುವುದು ಎಷ್ಟು?

ಸಿಟಿಸಿ ಅಂದರೆ ಒಬ್ಬ ನೌಕರರಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅದು ಸಿಪ್ಪೆ ಸಮೇತ ತೂಗಿದ ತೆಂಗಿನಕಾಯಿ ಇದ್ದಂತೆ. ಅಡುಗೆಗೆ ಸಿಗುವುದು ಒಳಗಿನ ಕಾಯಿ ಮಾತ್ರ. ಸಿಪ್ಪೆ, ಗೆರಟೆ ಎಷ್ಟು ಅಂತ ಪತ್ರದಲ್ಲೇ ಬಿಡಿಸಿ ತೋರಿಸಿದರೆ ಮೊದಲ ತಿಂಗಳ ಸಂಬಳ ಬಂದಾಗ "ಇಷ್ಟೇನಾ?" ಅನ್ನುವ ಪ್ರಶ್ನೆ ಏಳುವುದಿಲ್ಲ.

ನಮ್ಮ 6 ಲಕ್ಷವನ್ನು ಬಿಡಿಸೋಣ. ಮೂಲ ವೇತನ ತಿಂಗಳಿಗೆ 25,000, ಅಂದರೆ ವರ್ಷಕ್ಕೆ 3 ಲಕ್ಷ. ಸಿಟಿಸಿಯ ಸರಿಯಾಗಿ ಅರ್ಧ. ಇದಕ್ಕೆ ಕಾರಣ ಇದೆ. ಹೊಸ ಸಂಹಿತೆಗಳ ಪ್ರಕಾರ ಮನೆ ಬಾಡಿಗೆ ಭತ್ಯೆ ಮೊದಲಾದವು ಒಟ್ಟು ಪಾವತಿಯ ಅರ್ಧ ಮೀರಿದರೆ, ಮೀರಿದ ಭಾಗವೂ, ಹಲವು ವರ್ಷ ದುಡಿದು ಬಿಡುವಾಗ ಸಿಗುವ ಗ್ರಾಚ್ಯುಟಿಯಂಥ ಲೆಕ್ಕಗಳಿಗೆ ವೇತನ ಅಂತಲೇ ಎಣಿಕೆಯಾಗುತ್ತದೆ. ಮೂಲ ವೇತನವನ್ನು ಕಮ್ಮಿ ಇಟ್ಟು ಭತ್ಯೆ ಹೆಚ್ಚು ತೋರಿಸುವ ಹಳೇ ಲೆಕ್ಕ ಈಗ ಪ್ರಯೋಜನಕ್ಕೆ ಬರುವುದಿಲ್ಲ.

ಕಂಪನಿಯಲ್ಲಿ 20ಕ್ಕಿಂತ ಜಾಸ್ತಿ ಜನ ಇರುವುದರಿಂದ ಪಿಎಫ್ ಕಡ್ಡಾಯ. ಅವಳಿಗೆ ಮೊದಲೇ ಪಿಎಫ್ ಖಾತೆ ಇದೆ, ಅದೇ ಮುಂದುವರಿಯುತ್ತದೆ. ನೌಕರರ ಪಾಲು 12 ಶೇಕಡಾ, ಕಂಪನಿ ಪಾಲು 12 ಶೇಕಡಾ. ಕಾನೂನಿನ ವೇತನ ಮಿತಿ 15,000ಕ್ಕೆ ಲೆಕ್ಕ ಹಾಕಿದರೆ ಇಬ್ಬರದೂ ತಿಂಗಳಿಗೆ 1,800. ಕಂಪನಿಯ ಪಾಲು ವರ್ಷಕ್ಕೆ 21,600. ಇದು ಸಿಟಿಸಿ ಒಳಗೇ ಸೇರಿದೆ. ಗ್ರಾಚ್ಯುಟಿಗೆ ಎಂದು ಮೂಲ ವೇತನದ 4.81 ಶೇಕಡಾ, ಅಂದರೆ 14,430. ಆರೋಗ್ಯ ವಿಮೆಯ ಕಂತು 9,970 ಅಂತ ಇಟ್ಟುಕೊಳ್ಳೋಣ. ವರ್ಷದ ಕೊನೆಗೆ ಕೊಡುವ ವೇರಿಯಬಲ್ 50,000. ಇಷ್ಟನ್ನೂ 6 ಲಕ್ಷದಿಂದ ಕಳೆದರೆ ಉಳಿಯುವುದು 5,04,000. ಅಂದರೆ ತಿಂಗಳಿಗೆ 42,000.

ಆ 42,000ದಲ್ಲಿ ಅವಳ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಹೋಗುತ್ತದೆ. ಕೈಗೆ ಬರುವುದು 40,000. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300 ಆಗುವುದರಿಂದ ಆ ತಿಂಗಳು 39,900. ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. 6 ಲಕ್ಷವನ್ನು 12ರಿಂದ ಭಾಗಿಸಿ 50,000 ಬರುತ್ತದೆ ಅಂದುಕೊಂಡು ಕದ್ರಿಯಲ್ಲಿ ಮನೆ ಹುಡುಕಿದವಳಿಗೆ 10,000 ಕಮ್ಮಿ ಬಂದರೆ ಬೇಜಾರಾಗುತ್ತದೆ ಅಲ್ವಾ? ಹಾಗಾಗಿ ಪತ್ರದ ಹಿಂದಿನ ಪುಟದಲ್ಲಿ ಈ ಲೆಕ್ಕ ಹಾಕಿ, ಕೊನೆಯ ಸಾಲಿನಲ್ಲಿ "ತಿಂಗಳಿಗೆ ಕೈಗೆ ಬರುವ ಅಂದಾಜು ಮೊತ್ತ" ಅಂತಲೇ ಬರೆಯಿರಿ.

ಎರಡು ಮೊತ್ತಗಳ ಬಗ್ಗೆ ಮಾತ್ರ ಒಂದೊಂದು ವಾಕ್ಯ ಜಾಸ್ತಿ ಬೇಕು. ಗ್ರಾಚ್ಯುಟಿ ಕಾಯಂ ನೌಕರರಿಗೆ ಐದು ವರ್ಷ ತುಂಬಿದ ಮೇಲೆ ಸಿಗುವಂಥದ್ದು. ಎರಡು ವರ್ಷಕ್ಕೆ ಬಿಟ್ಟರೆ ಆ 14,430 ಅವಳಿಗೆ ಬರುವುದಿಲ್ಲ. ಸಿಟಿಸಿಯಲ್ಲಿ ತೋರಿಸುವುದಾದರೆ ಈ ಷರತ್ತನ್ನೂ ಅಲ್ಲೇ ತೋರಿಸಿ. ವೇರಿಯಬಲ್ ಅಂದರೆ ಕೆಲಸ ನೋಡಿ ಕೊಡುವ ಹಣ. ಯಾವ ತಿಂಗಳು ಕೊಡುತ್ತೀರಿ, ಯಾವುದನ್ನು ಅಳೆದು ಕೊಡುತ್ತೀರಿ, ವರ್ಷದ ಮಧ್ಯೆ ಸೇರಿದವರಿಗೆ ಎಷ್ಟು, ನೋಟಿಸ್‌ನಲ್ಲಿ ಇರುವವರಿಗೆ ಸಿಗುತ್ತದಾ ಇಲ್ಲವಾ ಅಂತ ಹೇಳಿ. ಅದು ಇಲ್ಲದಿದ್ದರೆ 50,000 ಬರೀ ಕಾಗದದ ಮೇಲಿನ ಸಂಖ್ಯೆ.

ಸೌಲಭ್ಯಗಳು ಪ್ರೊಬೇಷನ್ ಮುಗಿದ ಮೇಲೆ ಶುರು ಅಂತ ಕೆಲವರು ಬರೆಯುತ್ತಾರೆ. ಪಿಎಫ್‌ಗೆ ಇದು ತಪ್ಪು, ಸೇರಿದ ದಿನದಿಂದಲೇ ಕಟ್ಟಬೇಕು. ಹೆರಿಗೆ ಸೌಲಭ್ಯಕ್ಕೂ ಪ್ರೊಬೇಷನ್‌ಗೂ ಸಂಬಂಧ ಇಲ್ಲ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಅದು ಸಿಗುತ್ತದೆ. ಆರೋಗ್ಯ ವಿಮೆ ಕಂಪನಿಯ ಇಷ್ಟ. ಆದರೆ ಕೊಡುವುದಾದರೆ ಯಾವ ದಿನದಿಂದ, ಎಷ್ಟು ಲಕ್ಷಕ್ಕೆ, ಅಪ್ಪ ಅಮ್ಮನೂ ಸೇರಿದ್ದಾರಾ ಅಂತ ಬರೆಯಬೇಕು. ಊರಿಗೆ ಮರಳುವವರು ಹೆಚ್ಚಾಗಿ ವಯಸ್ಸಾದ ಅಪ್ಪ ಅಮ್ಮನಿಗಾಗಿಯೇ ಬರುತ್ತಾರೆ. ಅವರಿಗೆ ವಿಮೆ ಇಲ್ಲ ಅಂತ ಆಮೇಲೆ ಗೊತ್ತಾದರೆ ಕಷ್ಟ. ನಗದು ಕಟ್ಟದೆ ಚಿಕಿತ್ಸೆ ಸಿಗುವ ಪಟ್ಟಿಯಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಂಥ ಹತ್ತಿರದ ಆಸ್ಪತ್ರೆಗಳು ಇವೆಯಾ ಅಂತ ವಿಮಾ ಕಂಪನಿಯಿಂದ ಕೇಳಿ ತಿಳಿದುಕೊಂಡು ಹೇಳಿದರೆ ಇನ್ನೂ ಒಳ್ಳೆಯದು.

ರಜೆಯ ಕನಿಷ್ಠ ಲೆಕ್ಕ ರಾಜ್ಯದ ಕಾಯ್ದೆಯಲ್ಲೇ ಇದೆ: ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ, ಅದರ ಜೊತೆ ವರ್ಷಕ್ಕೆ 12 ದಿನದವರೆಗೆ ಕಾಯಿಲೆ ಅಥವಾ ಬೇರೆ ಸರಿಯಾದ ಕಾರಣಕ್ಕೆ. ಎರಡನೆಯದು ಮೊದಲ ವರ್ಷದಲ್ಲೇ ಸಿಗುತ್ತದೆ, ಹಾಗಾಗಿ "ಪ್ರೊಬೇಷನ್‌ನಲ್ಲಿ ಯಾವ ರಜೆಯೂ ಇಲ್ಲ" ಎಂಬ ಸಾಲು ನಿಲ್ಲುವುದಿಲ್ಲ. ಹಬ್ಬದ ರಜೆಗೆ ಬೇರೆ ಕಾಯ್ದೆ ಇದೆ, 1963ರದ್ದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ಗಟ್ಟಿ. ಇನ್ನೈದು ಹಬ್ಬಗಳಿಗೆ. ಬೆಂಗಳೂರಿನ ಪಟ್ಟಿಯನ್ನು ಹಾಗೇ ಅಂಟಿಸಿದರೆ ಉಡುಪಿಯವರಿಗೆ ವಿಟ್ಲಪಿಂಡಿಯ ದಿನ, ಕೆಥೋಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ದಿನ ಆಫೀಸ್ ಇರುತ್ತದೆ. ಆ ಐದನ್ನು ಇಲ್ಲಿನ ಹಬ್ಬಗಳನ್ನು ನೋಡಿ ಇಡಿ.

## ಪಾಲಿಸಿ ಬದಲಾದರೆ?

ಹೆಚ್ಚಿನ ಪತ್ರಗಳ ಕೊನೆಗೆ "ಉಳಿದ ವಿಷಯಗಳು ಕಂಪನಿಯ ಪಾಲಿಸಿಯಂತೆ, ಅವು ಕಾಲಕಾಲಕ್ಕೆ ಬದಲಾಗಬಹುದು" ಅಂತ ಒಂದು ಸಾಲು ಇರುತ್ತದೆ. ಕಂಪನಿಗೆ ಇದು ಬೇಕು, ವಿಮಾ ಕಂಪನಿ ಬದಲಾದಾಗ ಎಲ್ಲರ ಪತ್ರ ತಿದ್ದಲು ಆಗುವುದಿಲ್ಲ. ಆದರೆ ಆ ಒಂದೇ ಸಾಲು ಹಿಡಿದು 60 ದಿನದ ನೋಟಿಸ್ ಅನ್ನು 90 ಮಾಡಿದರೆ ಮೇಲೆ ಬರೆದ ಅಷ್ಟೂ ಲೆಕ್ಕ ಬಿದ್ದುಹೋಗುತ್ತದೆ. ಹಾಗಾಗಿ ಅದರ ಜೊತೆ ಇದನ್ನು ಸೇರಿಸಿ: "ಪಾಲಿಸಿಗೂ ಈ ಪತ್ರಕ್ಕೂ ವ್ಯತ್ಯಾಸ ಬಂದರೆ ವೇತನ, ಪ್ರೊಬೇಷನ್ ಮತ್ತು ನೋಟಿಸ್ ವಿಷಯದಲ್ಲಿ ಈ ಪತ್ರವೇ ಅಂತಿಮ. ಇವುಗಳನ್ನು ಬದಲಿಸಲು ಇಬ್ಬರ ಸಹಿಯೂ ಬೇಕು." ಪತ್ರ ಕೈಗೆ ಬಂದವರು ಈ ವಾಕ್ಯ ಕಾಣದಿದ್ದರೆ ಸಹಿ ಹಾಕುವ ಮೊದಲೇ ಕೇಳಬಹುದು. ಇಮೇಲ್‌ನಲ್ಲಿ ಕೇಳಿ, ಉತ್ತರವೂ ಇಮೇಲ್‌ನಲ್ಲೇ ಬರಲಿ.